ನ್ಯಾಯಾಂಗ ಬಂಧನ ‘ವಿಧಿಸುವುದು’ ಸರಿಯೇ?

ತುಮಕೂರಿನ ಉಪಸಂಪಾದಕಿ:
ನಮ್ಮ ಪುಟಕ್ಕೆ ಪದೇ ಪದೇ ಬರುವ ವಾಕ್ಯ: “ಆರೋಪಿಗೆ 14 ದಿನಗಳ ನ್ಯಾಯಾಂಗ ಬಂಧನ ವಿಧಿಸಲಾಗಿದೆ.” ವಿಧಿಸುವುದು ಶಿಕ್ಷೆಯನ್ನಲ್ಲವೇ? ಇನ್ನೊಂದು: “ಹೆಚ್ಚಿನ ವಿಚಾರಣೆಗಾಗಿ ನ್ಯಾಯಾಂಗ ಬಂಧನಕ್ಕೆ ಒಪ್ಪಿಸಲಾಯಿತು.” ಪೊಲೀಸರದ್ದಕ್ಕೆ ‘ವಶ’, ಕೋರ್ಟಿನದ್ದಕ್ಕೆ ‘ಬಂಧನ’ ಅಂತ ಬೇರೆ ಬೇರೆ ಯಾಕೆ ಬರೆಯುತ್ತೇವೆ?

ಚಿಕ್ಕಬಳ್ಳಾಪುರದ ನಿವೃತ್ತ ಮೇಷ್ಟ್ರು:
ಎರಡೂ ಒಳಗೆ ಹಾಕುವುದೇ, ಜಾಗ ಮಾತ್ರ ಬೇರೆ. ಒಂದು ಠಾಣೆ, ಇನ್ನೊಂದು ಜೈಲು. ಬಂಧನವಾದ ಮೊದಲ 15 ದಿನದೊಳಗೆ ಪೊಲೀಸರು ಆರೋಪಿಯನ್ನು ತಮ್ಮ ವಶಕ್ಕೆ ಕೇಳಿಕೊಳ್ಳಬೇಕು, ಆಮೇಲೆ ಕೇಳುವಂತಿಲ್ಲ.

ಕೋಲಾರದ ವಕೀಲರು:
ಮೇಷ್ಟ್ರೇ, ಹಳೆಯ ಕಾನೂನಿನಲ್ಲಿ ನಿಮ್ಮ ಮಾತು ಸರಿಯಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನಲ್ಲಿ ಒಟ್ಟು 15 ದಿನ ಹಾಗೇ ಉಳಿದಿದೆ, ಅದನ್ನು ಬಳಸುವ ಅವಧಿ ಮಾತ್ರ ಹಿಗ್ಗಿದೆ.

ವ್ಯತ್ಯಾಸ ಬರೀ ಜಾಗದ್ದಲ್ಲ. ಪೊಲೀಸ್ ಕಸ್ಟಡಿಯಲ್ಲಿ ಆರೋಪಿ ತನಿಖಾಧಿಕಾರಿಯ ಕೈಯಲ್ಲಿರುತ್ತಾನೆ. ಪ್ರಶ್ನೆ ಕೇಳಬಹುದು, ಕರೆದುಕೊಂಡು ಹೋಗಿ ಮಾಲು ತೋರಿಸು ಅನ್ನಬಹುದು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ, ಆದರೆ ಆತ ಹೇಳಿದ ಮಾತಿನಿಂದ ಮಾಲು ಸಿಕ್ಕರೆ ಅಷ್ಟು ಭಾಗ ನಿಲ್ಲುತ್ತದೆ. ಪೊಲೀಸರು ಕಸ್ಟಡಿಗೆ ಹಟ ಹಿಡಿಯುವುದು ಇದಕ್ಕೇ. ಬಡಿದು ಬಾಯಿ ಬಿಡಿಸುವ ಭಯವಿರುವುದರಿಂದಲೇ ಕಾನೂನು ಅದಕ್ಕೆ 15 ದಿನದ ಬೇಲಿ ಹಾಕಿದೆ. ನ್ಯಾಯಾಂಗ ಬಂಧನದಲ್ಲಿ ಆತ ಕೋರ್ಟಿನ ಸುಪರ್ದಿಗೆ ಬರುತ್ತಾನೆ, ಜೈಲು ಬರೀ ಇರಿಸುವ ಜಾಗ. ಅಲ್ಲಿ ಪ್ರಶ್ನಿಸಲು ಪೊಲೀಸರಿಗೆ ಕೋರ್ಟಿನ ಅನುಮತಿ ಬೇಕು. ಹಾಗಾಗಿ ಉಪಸಂಪಾದಕರೇ, ನಿಮ್ಮ ಎರಡನೇ ವಾಕ್ಯದ ‘ಹೆಚ್ಚಿನ ವಿಚಾರಣೆಗಾಗಿ’ ಸೇರಬೇಕಾದದ್ದು ಪೊಲೀಸ್ ಕಸ್ಟಡಿಯ ಸುದ್ದಿಗೆ.

ಲೆಕ್ಕಕ್ಕೆ ಒಂದು ಕಲ್ಪಿತ ಪ್ರಕರಣ. ಚಿಂತಾಮಣಿಯಲ್ಲಿ ಮನೆಗಳ್ಳತನ, ಗರಿಷ್ಠ ಶಿಕ್ಷೆ 7 ವರ್ಷ. ಮಾರ್ಚ್ 3ರ ಸಂಜೆ ಹಿಡಿದರು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, 4ರಂದು ನಿಲ್ಲಿಸಿದರು. ಎಣಿಕೆ ಶುರುವಾಗುವುದು ಹಿಡಿದ ದಿನದಿಂದಲ್ಲ, ಕೋರ್ಟು ವಶಕ್ಕೆ ಕೊಟ್ಟ 4ರಿಂದ, ಆ ದಿನವೂ ಸೇರಿ. 5 ದಿನ ಪೊಲೀಸ್ ಕಸ್ಟಡಿ ಕೊಟ್ಟರೆ 8ಕ್ಕೆ ಮುಗಿಯಿತು, ಆಮೇಲೆ ಜೈಲು. ಒಡವೆ ಅಡವಿಟ್ಟ ಅಂಗಡಿಯ ಸುಳಿವು ಮಾರ್ಚ್ 28ಕ್ಕೆ ಸಿಕ್ಕಿತು ಅನ್ನಿ. ಹಿಂದೆ ಮಾರ್ಚ್ 18ಕ್ಕೇ ಬಾಗಿಲು ಮುಚ್ಚುತ್ತಿತ್ತು. ಈಗ ಮೊದಲ 40 ದಿನದೊಳಗೆ, ಅಂದರೆ ಏಪ್ರಿಲ್ 12ರೊಳಗೆ, ಉಳಿದ 10 ದಿನವನ್ನು ಇಡಿಯಾಗಿಯೋ ಬಿಡಿಯಾಗಿಯೋ ಕೇಳಬಹುದು. ಕೊಡಲೇಬೇಕೆಂದಿಲ್ಲ, ಕಾರಣ ಒಪ್ಪಿಗೆಯಾಗಬೇಕು, ಆರೋಪಿಯನ್ನು ಖುದ್ದು ಕರೆತರಬೇಕು. ಜೈಲಿನ ಅವಧಿ ಮುಂದುವರಿಸಲು ವಿಡಿಯೊ ಸಾಕು, ಪೊಲೀಸರಿಗೆ ಕೊಡಲು ಸಾಲದು.

ಕೊಲೆಯಂಥ ಪ್ರಕರಣವಾದರೆ 40 ಇದ್ದಲ್ಲಿ 60.

ಗೌರಿಬಿದನೂರಿನಿಂದ ಒಬ್ಬರು:
ನಮ್ಮ ಸಂಬಂಧಿಕ ಹುಡುಗನಿಗೆ 14 ದಿನ ಅಂತ ಪೇಪರಲ್ಲೇ ಬಂತು. ಹದಿನೈದನೇ ದಿನ ಜೈಲಿನ ಗೇಟಿಗೆ ಹೋದರೆ ಬಿಡಲಿಲ್ಲ. ಇದು ಅನ್ಯಾಯ ಅಲ್ವಾ?

ಕೋಲಾರದ ವಕೀಲರು:
ಇಲ್ಲ ಸ್ವಾಮಿ. 14 ದಿನ ಅಂದರೆ ಮುಂದಿನ ತಾರೀಖಿನವರೆಗೆ ಅಂತ ಅಷ್ಟೇ. ಒಂದು ಸಲಕ್ಕೆ 15 ದಿನ ಮೀರುವಂತಿಲ್ಲ, ಮತ್ತೆ ಮತ್ತೆ ಮುಂದುವರಿಸಬಹುದು. ಚಾರ್ಜ್‌ಶೀಟ್ ಹಾಕದೆ ಇಟ್ಟುಕೊಳ್ಳುವ ಮಿತಿ ಕಳ್ಳತನದಂಥದ್ದಕ್ಕೆ 60 ದಿನ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯದ್ದಕ್ಕೆ 90. ಚಿಂತಾಮಣಿ ಲೆಕ್ಕದಲ್ಲಿ 60ನೇ ದಿನ ಮೇ 2. ಮೇ 3ಕ್ಕೂ ಚಾರ್ಜ್‌ಶೀಟ್ ಇಲ್ಲದಿದ್ದರೆ ಜಾಮೀನು ಹಕ್ಕಾಗುತ್ತದೆ. ಆದರೆ ಅರ್ಜಿ ಹಾಕಬೇಕು, ಶ್ಯೂರಿಟಿ ಕೊಡಬೇಕು. ಸೋಮಾರಿತನ ಮಾಡಿ ಅರ್ಜಿಗೆ ಮುಂಚೆ ಚಾರ್ಜ್‌ಶೀಟ್ ಬಂದುಬಿಟ್ಟರೆ ಆ ಹಕ್ಕು ಹೋಯಿತು. ಚಾರ್ಜ್‌ಶೀಟ್ ಬಂದ ಮೇಲೆ ಈ 60–90ರ ಲೆಕ್ಕವೇ ಇಲ್ಲ; ಮಾಮೂಲಿ ಜಾಮೀನು ಕೇಳಿಕೊಳ್ಳಬೇಕು.

ಉಪಸಂಪಾದಕಿ:
ಹಾಗಾದರೆ “14 ದಿನ ವಿಧಿಸಲಾಗಿದೆ” ಓದಿದವರು ಗೇಟಿಗೆ ಹೋಗಿ ಕಾಯುವಂತೆ ಮಾಡಿದ್ದು ನಾವೇ. “ಇಂಥ ತಾರೀಖಿನವರೆಗೆ ನ್ಯಾಯಾಂಗ ವಶಕ್ಕೆ ಒಪ್ಪಿಸಲಾಗಿದೆ” ಅಂತ ಬರೆದರೆ?

ಮೇಷ್ಟ್ರು:
ಕಾನೂನಿನ ಕನ್ನಡದಲ್ಲಿ ‘ಅಭಿರಕ್ಷೆ’ ಇದೆಯಲ್ಲ.

ವಕೀಲರು:
ಅದು ಆದೇಶದ ಹಾಳೆಯಲ್ಲೇ ಇರಲಿ. ಹುಡುಗನ ತಾಯಿಗೆ ‘ಅಭಿರಕ್ಷೆ’ ಅಂದರೆ ಏನೋ ಒಳ್ಳೆಯದಾಯಿತು ಅಂದುಕೊಂಡಾರು. ‘ವಶ’ಕ್ಕೂ ನನ್ನ ತಕರಾರಿದೆ: ಪೊಲೀಸ್ ವಶ, ನ್ಯಾಯಾಂಗ ವಶ ಅಂತ ಜೊತೆಗಿಟ್ಟರೆ ಅವಸರದಲ್ಲಿ ಓದುವವರಿಗೆ ಎರಡೂ ಒಂದೇ. ‘ಬಂಧನ’ ತಪ್ಪೇ ಇರಬಹುದು, ವ್ಯತ್ಯಾಸವನ್ನಾದರೂ ಕಾಯ್ದಿದೆ.

ಉಪಸಂಪಾದಕಿ:
‘ಬಂಧನ’ ಅಂದರೆ ಹಿಡಿದದ್ದು ಅಂತಲೂ ಆಗುತ್ತದಲ್ಲ ಸರ್. “ಬಂಧಿಸಿ ಬಂಧನಕ್ಕೆ ಒಪ್ಪಿಸಿದರು” ಅಂತ ಹೇಗೆ ಬರೆಯಲಿ?