ಬಾಡಿಗೆ ಮನೆ ಜಾಹೀರಾತು ಸಂಗ್ರಹಕ್ಕೆ ಸೈಟಿನವರ ಒಪ್ಪಿಗೆ: ಪತ್ರ ಹೇಗೆ ಬರೆದಿರಿ?

ಒಂಟಿಕೊಪ್ಪಲ್ ಹುಡುಗಿ ಕೇಳಿದ್ದು

ಮೈಸೂರಿನ ಬಾಡಿಗೆ ಮನೆ ಜಾಹೀರಾತುಗಳಲ್ಲಿ "ಸಸ್ಯಾಹಾರಿಗಳಿಗೆ ಮಾತ್ರ", "ಫ್ಯಾಮಿಲಿಗೆ ಮಾತ್ರ" ಅನ್ನೋ ಷರತ್ತು ಯಾವ ಬಡಾವಣೆಯಲ್ಲಿ ಎಷ್ಟಿದೆ ಅಂತ ನೋಡೋದು ನನ್ನ ಪಿಎಚ್‌.ಡಿ.ಯ ಒಂದು ಅಧ್ಯಾಯ. ಒಬ್ಬರೇ ನಡೆಸೋ ಊರಿನ ಸೈಟೊಂದರಲ್ಲಿ ಸುಮಾರು 4,800 ಜಾಹೀರಾತು ಇವೆ. ಲಾಗಿನ್ ಬೇಕಿಲ್ಲ, ಯಾರು ಬೇಕಾದರೂ ನೋಡಬಹುದು. ಒಪ್ಪಿಗೆ ಕೇಳಿ ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆ. ಮೂರು ವಾರ ಆಯ್ತು, ಉತ್ತರ ಇಲ್ಲ. ಇಂಥ ಪತ್ರ ಬರೆದವರು ಅಥವಾ ಪಡೆದವರು ಇದ್ದರೆ ದಯವಿಟ್ಟು ಹೇಳಿ.

ಕೋಡು ಬರೆಯೋನು, ಬೆಂಗಳೂರು

ಪತ್ರ ಯಾಕೆ ಬೇಕು ಅಂತಲೇ ಅರ್ಥ ಆಗ್ತಿಲ್ಲ. ಎಲ್ಲರಿಗೂ ಕಾಣೋ ಪುಟ ತಾನೇ? ಸೈಟಿನ ವಿಳಾಸದ ಮುಂದೆ `/robots.txt` ಅಂತ ಹಾಕಿ ನೋಡಿ. ಅಲ್ಲಿ ಇಂಥದ್ದೇನಾದರೂ ಇರುತ್ತೆ:

```
User-agent: *
Disallow: /admin
Crawl-delay: 10
```

ಜಾಹೀರಾತಿನ ಪುಟಗಳನ್ನ ತಡೆದಿಲ್ಲ ಅಂದಮೇಲೆ ಒಪ್ಪಿಗೆ ಸಿಕ್ಕ ಹಾಗೇ. ಹತ್ತು ಸೆಕೆಂಡಿಗೆ ಒಂದು ಪುಟದಂತೆ ಇಳಿಸಿಕೊಳ್ಳಿ, ಮುಗೀತು. ಕೇಳೋಕೆ ಹೋದರೆ "ಬೇಡ" ಅಂತಾರೆ, ಆಮೇಲೆ ಇಳಿಸೋಕೂ ಆಗಲ್ಲ.

ಧಾರವಾಡದ ಅಂಕಿಅಂಶ ಮೇಡಂ

ಹತ್ತು ಸೆಕೆಂಡಿನ ಮಾತು ಸರಿ, ಮಿಕ್ಕಿದ್ದು ಅರ್ಧ ಮಾತ್ರ ಸರಿ. robots.txt ಅಂದರೆ ಬಾಟ್‌ಗಳು ಎಲ್ಲಿ ಕಾಲಿಡಬಾರದು ಅಂತ ಹೇಳೋ ಫಲಕ. ಫಲಕದಲ್ಲಿ ಹೆಸರಿಲ್ಲದ ಕೋಣೆಯಿಂದ ಸಾಮಾನು ಹೊತ್ತುಕೊಂಡು ಹೋಗಬಹುದು ಅಂತ ಅದು ಹೇಳೋದಿಲ್ಲ. ನಮ್ಮ ಐಟಿ ಕಾಯ್ದೆ 2000ರ 43ನೇ ಸೆಕ್ಷನ್ ಓದಿ ನೋಡ್ರಿ. ಕಂಪ್ಯೂಟರಿನ ಮಾಲೀಕರ ಅನುಮತಿ ಇಲ್ಲದೆ ಅದರಿಂದ ದತ್ತಾಂಶ ಇಳಿಸಿಕೊಂಡರೆ, ನಕಲು ಮಾಡಿದರೆ ಪರಿಹಾರ ಕೊಡಬೇಕಾಗತೈತಿ ಅಂತ ಇದೆ. ಎಲ್ಲರಿಗೂ ತೆರೆದಿಟ್ಟ ಪುಟಕ್ಕೂ ಇದು ಹತ್ತತೈತೇನು ಅಂತ ವಕೀಲರು ವಾದ ಮಾಡಬಹುದು. ಆದರೆ ಆ ವಾದದ ಖರ್ಚು ಒಬ್ಬ ವಿದ್ಯಾರ್ಥಿನಿ ತಲೆ ಮೇಲೆ ಯಾಕ ಬೀಳಬೇಕು? ಒಂದು ಪತ್ರದಿಂದ ಮುಗಿಯೋ ಕೆಲಸ ಇದು.

ಪತ್ರ ಹೆಂಗಿರಬೇಕು ಅಂತ ರಾತ್ರಿ ಬರೀತೀನಿ, ಈಗ ಕ್ಲಾಸ್ ಇದೆ.

ನಿವೃತ್ತ, ಕುವೆಂಪುನಗರ

ನಮ್ಮ ಮನೆಯ ಮೊದಲ ಮಹಡಿ ಖಾಲಿ ಇದೆಯಮ್ಮ. 2 ಬಿಎಚ್‌ಕೆ, ಕಾವೇರಿ ನೀರು, ಬೋರ್‌ವೆಲ್ಲೂ ಇದೆ. ವೆಜ್ ಫ್ಯಾಮಿಲಿಗೆ ಮಾತ್ರ. ಬ್ರೋಕರ್ ಕಾಟ ಬೇಡ ಅಂತ ನಾನೇ ಒಂದು ಸೈಟಲ್ಲಿ ಹಾಕಿದ್ದೆ. ಅಲ್ಲಿಂದ ನಂಬರು ಯಾರೋ ಎತ್ತಿಕೊಂಡು ದಿನಾ ಸಾಲ ಬೇಕಾ, ಇನ್ಶೂರೆನ್ಸ್ ಬೇಕಾ ಅಂತ ಫೋನು. ಜಾಹೀರಾತು ತೆಗೆಸಿದ ಮೇಲೂ ನಿಂತಿಲ್ಲ. ನೀವು ಬಂದು ಮನೆ ನೋಡೋದಾದರೆ ಭಾನುವಾರ ಬನ್ನಿ.

ಒಂಟಿಕೊಪ್ಪಲ್ ಹುಡುಗಿ

ಅಂಕಲ್, ನಾನು ಮನೆ ಹುಡುಕ್ತಾ ಇಲ್ಲ :) ಆದರೆ ಫೋನ್ ನಂಬರಿನ ಮಾತು ಕೇಳಿ ಭಯ ಆಯ್ತು. ನನ್ನ ಪಟ್ಟಿಯಲ್ಲಿ ನಂಬರೂ ಇತ್ತು. ಒಂದೇ ಮನೆಯನ್ನ ಮೂರು ಬ್ರೋಕರ್‌ಗಳು ಹಾಕಿರ್ತಾರೆ, ಒಬ್ಬರೇ ಎರಡು ಸಲ ಹಾಕಿರ್ತಾರೆ. ನಂಬರಿಲ್ಲದೆ ಅದನ್ನ ಹಿಡಿಯೋದು ಹೇಗೆ?

ಸೈಟು ನಡೆಸಿದವ, ಹುಬ್ಬಳ್ಳಿ

ನಾ ಎಂಟು ವರ್ಷ ಹಳೇ ಬೈಕ್ ಮಾರೋವ್ರ ಸೈಟ್ ನಡೆಸೇನಿ. ಪತ್ರ ಪಡೆದವರ ಕಡೆಯಿಂದ ಹೇಳತೀನಿ ಕೇಳ್ರಿ.

ನಿಮ್ಮ ಎರಡು ಪುಟದ ಇಂಗ್ಲಿಷ್ ಪತ್ರ ನನಗ ಬಂದಿದ್ರ ಮೊದಲ ಪ್ಯಾರಾದಾಗ "ಸಂಶೋಧನೆಯ ಮಹತ್ವ" ಓದಿ ಆಮೇಲೆ ನೋಡೋಣ ಅಂತ ಇಟ್ಟು ಮರೀತಿದ್ದೆ. ಅಂಥವು ಬರತಿದ್ವು, ಅದರಾಗ ಅರ್ಧ ಏನೋ ಮಾರೋವ್ರವು. ನಾ ಹುಡುಕ್ತಿದ್ದದ್ದು ಮೂರೇ: ನನ್ನ ಸರ್ವರ್ ಮಲಗತೈತೇನು, ನನ್ನ ಮಂದಿ ನಂಬರು ಹೊರಗ ಹೋಗತಾವೇನು, ನಾಳೆ ಪೇಪರ್‌ನಾಗ ನನ್ನ ಸೈಟಿನ ಹೆಸರು ಕೆಡತೈತೇನು.

ಒಮ್ಮೆ ಯಾರೋ ಕೇಳದೇ ಇಳಿಸಾಕ ಹತ್ತಿದ್ರು. ಸಂಜೀ ಏಳಕ್ಕ, ಅಂದ್ರ ಮಂದಿ ಬೈಕ್ ಹುಡುಕೋ ಹೊತ್ತಿನಾಗ. ಸೆಕೆಂಡಿಗೆ ಹದಿನೈದು ಇಪ್ಪತ್ತು ಪುಟ. ನನ್ನದು ಅಗ್ಗದ ಹೋಸ್ಟಿಂಗ್, ಡೇಟಾಬೇಸ್ ಕೈ ಎತ್ತಿತು, ಪುಟ ಬಿಳೇ ಆತು. ಲಾಗ್ ತೆಗೆದು ನೋಡಿದ್ರ User-Agent ಜಾಗದಾಗ ಬರೇ `python-requests` ಅಂತ ಐತಿ. ಯಾರು, ಯಾಕ, ಯಾರಿಗೆ ಫೋನ್ ಹಚ್ಚಬೇಕು, ಏನೂ ಗೊತ್ತಿಲ್ಲ. ಆ ಐಪಿ ಬ್ಲಾಕ್ ಮಾಡಿ ಮಲಗಿದೆ. ಅದರ ಬದಲಿಗೆ ಇಂಥಾದೊಂದು ಸಾಲು ಇದ್ದಿದ್ರ ಬ್ಲಾಕ್ ಮಾಡೋಕ ಮೊದಲ ಒಂದು ಮೇಲ್ ಹಾಕ್ತಿದ್ದೆ:

```
User-Agent: BadigeAdhyayana/1.0 (+mailto:hesaru@example.org)
```

ಎರಡು ವರ್ಷದ ಮ್ಯಾಲೆ ಒಬ್ಬ ಹುಡುಗನ ಪತ್ರ ಬಂತು, ಕನ್ನಡದಾಗ, ಹನ್ನೆರಡು ಸಾಲು. ಏನು ಬೇಕು, ಏನು ಬೇಡ, ಯಾವ ರಾತ್ರಿ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನ ತನಕ ಅಂತ ಬರದಿದ್ದ. ಕಡೀಗೆ "ನೀವೇ ಫೈಲ್ ಕೊಟ್ಟರೆ ನಾನು ನಿಮ್ಮ ಸೈಟ್ ಮುಟ್ಟುವುದೇ ಇಲ್ಲ" ಅಂತಿತ್ತು. ನನಗ ಅದ ಹಗುರ ಅನಿಸ್ತು. ಡೇಟಾಬೇಸಿನಿಂದ ಬೇಕಾದ ಕಾಲಮ್ ಅಷ್ಟ ತೆಗೆದು ಕೊಡಾಕ ಹತ್ತು ನಿಮಿಷ ಸಾಕಾತು.

ಧಾರವಾಡದ ಅಂಕಿಅಂಶ ಮೇಡಂ

ಹುಬ್ಬಳ್ಳಿಯವರ "ಫೈಲ್ ಕೊಡಿ" ಮಾತನ್ನು ಪತ್ರದ ಮೊದಲಿಗೇ ಹಾಕ್ರಿ. ಅದು ಅವರಿಗೆ ಹಗುರ ಅನ್ನೋದು ಒಂದಾದರೆ, ನಿಮ್ಮ ಲೆಕ್ಕ ಸರಿ ಬರೋದೂ ಅದರಿಂದಲೇ.

ಯಾಕಂದರೆ, ಮನೆ ಬಾಡಿಗೆಗೆ ಹೋದ ಕೂಡಲೇ ಜಾಹೀರಾತು ಮಾಯವಾಗತೈತಿ. ವಾರಕ್ಕೆ ಷರತ್ತಿಲ್ಲದ ಮನೆ 10, ಷರತ್ತಿನ ಮನೆ 10 ಹೊಸದಾಗಿ ಬರತಾವು ಅಂತ ಇಟ್ಕೊಳ್ರಿ. ಷರತ್ತಿಲ್ಲದ್ದು ಒಂದು ವಾರದಾಗ ಹೋಗತೈತಿ, ಷರತ್ತಿನದು ಮೂರು ವಾರ ನಿಲ್ಲತೈತಿ. ನೀವು ಯಾವುದೋ ಒಂದು ರಾತ್ರಿ ಹೋಗಿ ಇಳಿಸಿದರೆ ಸಿಗೋದು 10ಕ್ಕೆ 30. ನಿಜಕ್ಕೂ ಅರ್ಧಕ್ಕರ್ಧ ಇದ್ದದ್ದು ನಿಮ್ಮ ಪ್ರಬಂಧದಾಗ ನೂರಕ್ಕೆ 75 ಆಗಿ ಕೂತಿರತೈತಿ. ಪರೀಕ್ಷಕರು ಇಲ್ಲೇ ಹಿಡೀತಾರ. ನನ್ನ ವಿದ್ಯಾರ್ಥಿಯೊಬ್ಬನಿಗೆ ಹಂಗೇ ಆಗಿ ಅಧ್ಯಾಯ ಪೂರ್ತಿ ಮತ್ತೆ ಬರೆಯಬೇಕಾತು. ಮಾಲೀಕರ ಡೇಟಾಬೇಸಿನಾಗ ತೆಗೆದುಹಾಕಿದ ಜಾಹೀರಾತೂ ಉಳಿದಿದ್ದರೆ, ಹಾಕಿದ ತಾರೀಖು, ತೆಗೆದ ತಾರೀಖು ಎರಡನ್ನೂ ಕೇಳ್ರಿ. ಅದು ಇಲ್ಲ ಅಂದರೆ ಒಮ್ಮೆ ಪೂರ್ತಿ ಇಳಿಸಿ, ಆಮೇಲೆ ಎಂಟು ವಾರ ಆಯಾ ವಾರದ ಹೊಸವನ್ನಷ್ಟೇ ನೋಡಿ, ಆ ಹೊಸವುಗಳ ಮೇಲೆ ಲೆಕ್ಕ ಮಾಡ್ರಿ. ಈ ಎಂಟು ವಾರದ ಮಾತು ಪತ್ರದಾಗ ಇರಲೇಬೇಕು. ಒಂದು ಸಲಕ್ಕೆ ಒಪ್ಪಿಗೆ ತಗೊಂಡು ಒಂಬತ್ತು ಸಲ ಹೋದರೆ ನಂಬಿಕೆ ಹೋಗತೈತಿ.

ಇನ್ನು ಫೋನ್ ನಂಬರು. ಅದನ್ನ ಬರೇ ಹ್ಯಾಶ್ ಮಾಡಿ, ಅಂದರೆ ಲೆಕ್ಕದ ಸೂತ್ರದಿಂದ ಗುರುತು ಸಿಗದ ಅಕ್ಷರಗಳ ಸಾಲಾಗಿ ಬದಲಿಸಿ ಇಟ್ಟರೆ ಸಾಕು ಅಂತ ಬಹಳ ಮಂದಿ ತಿಳಿದಾರ, ಸಾಲದು. ನಮ್ಮ ಮೊಬೈಲ್ ನಂಬರು ಹತ್ತೇ ಅಂಕಿ, ಶುರುವಾಗೋದು 6ರಿಂದ 9. ಅಂದರೆ 400 ಕೋಟಿ ಸಾಧ್ಯತೆ. ಕಂಪ್ಯೂಟರಿಗೆ ಅಷ್ಟನ್ನೂ ಹ್ಯಾಶ್ ಮಾಡಿ ಹೋಲಿಸಿ ನೋಡೋದು ದೊಡ್ಡ ಕೆಲಸ ಅಲ್ಲ, ನಂಬರು ಹೊರಗ ಬಂದಬಿಡತೈತಿ. ಹಂಗಾಗಿ ಒಂದು ಗುಟ್ಟಿನ ಕೀಲಿ ಸೇರಿಸಿ ಮಾಡಬೇಕು:

```
hmac.new(key, phone.encode(), "sha256").hexdigest()
```

ಪುಟ ಓದಿದಾಗಲೇ ಇದನ್ನ ಮಾಡಿ, ನಂಬರನ್ನ ಡಿಸ್ಕಿಗೆ ಬರೀಲೇ ಬ್ಯಾಡ್ರಿ. ಸಂಗ್ರಹ ಮುಗಿದ ದಿನ ಕೀಲಿ ಅಳಿಸಿಹಾಕ್ರಿ. ಒಬ್ಬರೇ ಎರಡು ಸಲ ಹಾಕಿದ್ದು ಹಿಂಗ ಸಿಗತೈತಿ. ಮೂರು ಬ್ರೋಕರ್ ಹಾಕಿದ್ದು ಸಿಗೋದಿಲ್ಲ. ಅದಕ್ಕೆ ಬಡಾವಣೆ, ಬಾಡಿಗೆ, ಅಡ್ವಾನ್ಸ್ ಹೋಲಿಸಿ ಕಣ್ಣಿನಿಂದ ನೋಡೋದೇ ದಾರಿ.

"ಅವರೇ ಹಾಕಿದ ನಂಬರು ತಾನೇ" ಅಂತ ಯಾರಾದರೂ ಕೇಳಬಹುದು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ತಮ್ಮ ಮಾಹಿತಿಯನ್ನ ತಾವೇ ಬಹಿರಂಗ ಮಾಡಿಕೊಂಡವರ ವಿಷಯಕ್ಕೆ ಅನ್ವಯಿಸೋದಿಲ್ಲ, ಖರೆ. ಆದರೆ ಬ್ರೋಕರ್ ಹಾಕಿದ ಜಾಹೀರಾತಿನಾಗ ಮನೆ ಯಜಮಾನರ ಹೆಸರು ಇದ್ದರೆ ಅದನ್ನ ಅವರೇ ಹಾಕಿದರು ಅನ್ನಲಿಕ್ಕೆ ಬರೋದಿಲ್ಲ.

ಒಂಟಿಕೊಪ್ಪಲ್ ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ಹೊಸದಾಗಿ ಬರೆದಿದ್ದೀನಿ, ನೋಡಿ:

> ಮಾನ್ಯರೇ,
>
> ನಾನು ಮೈಸೂರಿನಲ್ಲಿ ಪಿಎಚ್‌.ಡಿ. ವಿದ್ಯಾರ್ಥಿನಿ. ನಿಮ್ಮ ಸೈಟಿನ ಬಾಡಿಗೆ ಜಾಹೀರಾತುಗಳನ್ನು ಅಧ್ಯಯನಕ್ಕೆ ಬಳಸಿಕೊಳ್ಳಲು ಒಪ್ಪಿಗೆ ಕೇಳುತ್ತಿದ್ದೇನೆ.
>
> ಬೇಕಾದದ್ದು: ಬಡಾವಣೆ, ಬಾಡಿಗೆ, ಅಡ್ವಾನ್ಸ್, ಕೋಣೆಗಳ ಸಂಖ್ಯೆ, ಷರತ್ತಿನ ಸಾಲು, ಹಾಕಿದ ಮತ್ತು ತೆಗೆದ ದಿನಾಂಕ. ಹೆಸರು, ಫೋಟೊ, ಮನೆ ನಂಬರು ಬೇಡ. ಫೋನ್ ನಂಬರನ್ನು ಮರಳಿ ಗುರುತಿಸಲಾಗದ ಸಂಕೇತವಾಗಿ ಮಾತ್ರ ಇಡುತ್ತೇನೆ.
>
> ಇಷ್ಟನ್ನು ನೀವೇ ಒಂದು ಫೈಲಿನಲ್ಲಿ ಕೊಟ್ಟರೆ ನಾನು ಸೈಟಿನಿಂದ ಏನೂ ಇಳಿಸುವುದಿಲ್ಲ. ಆಗದಿದ್ದರೆ, ಹತ್ತು ಸೆಕೆಂಡಿಗೆ ಒಂದು ಪುಟದಂತೆ 4,800 ಪುಟಕ್ಕೆ 13 ಗಂಟೆ 20 ನಿಮಿಷ ಬೇಕು. ನಾಲ್ಕು ರಾತ್ರಿ, 1 ಗಂಟೆಯಿಂದ 4:20ರವರೆಗೆ. ಆಮೇಲೆ ಎಂಟು ವಾರ, ವಾರಕ್ಕೊಮ್ಮೆ ಹೊಸ ಜಾಹೀರಾತು ಮಾತ್ರ. ಭಾರ ಹೆಚ್ಚಾಯಿತೆಂದು ಸರ್ವರ್ 429 ಅಥವಾ 503 ಸಂಕೇತ ಕಳಿಸಿದರೆ ನನ್ನ ಪ್ರೋಗ್ರಾಂ ಆ ರಾತ್ರಿಗೆ ನಿಲ್ಲುತ್ತದೆ. ನೀವು ಯಾವಾಗ ಬೇಡ ಎಂದರೂ ನಿಲ್ಲಿಸುತ್ತೇನೆ.
>
> ನನ್ನ ಮಾರ್ಗದರ್ಶಕರ ಹೆಸರು, ಫೋನು ಕೆಳಗಿದೆ. ದಯವಿಟ್ಟು ಅವರನ್ನು ವಿಚಾರಿಸಿ.

"ಷರತ್ತಿನ ಸಾಲು" ಅಂತಷ್ಟೇ ಬರೆದಿದ್ದೀನಿ. ಊಟದ ಷರತ್ತು, ಯಾರಿಗೆ ಮನೆ ಕೊಡಲ್ಲ ಅನ್ನೋದೇ ವಿಷಯ ಅಂತ ಬಿಡಿಸಿ ಹೇಳಲಾ?

ಕೋಡು ಬರೆಯೋನು, ಬೆಂಗಳೂರು

ಹೇಳಬೇಡಿ. ಹೇಳಿದರೆ ಅಲ್ಲಿಗೆ ಮುಗೀತು. "ಬಾಡಿಗೆ ಮಾರುಕಟ್ಟೆ ಅಧ್ಯಯನ" ಅನ್ನಿ, ಸುಳ್ಳೇನಲ್ಲ. (43ನೇ ಸೆಕ್ಷನ್ ನನಗೆ ಗೊತ್ತಿರಲಿಲ್ಲ, ಓದಿದೆ. ಆದರೂ ಪಬ್ಲಿಕ್ ಪುಟಕ್ಕೆ ಅದು ಹತ್ತಲ್ಲ ಅಂತಲೇ ನನ್ನ ಅಂದಾಜು.)

ಧಾರವಾಡದ ಅಂಕಿಅಂಶ ಮೇಡಂ

ನಾ ಒಪ್ಪೋದಿಲ್ಲ. ವಿಷಯ ಮುಚ್ಚಿಟ್ಟು ಪಡೆದ ಒಪ್ಪಿಗೆ ನಿಮ್ಮ ವಿಶ್ವವಿದ್ಯಾಲಯದ ನೈತಿಕ ಸಮಿತಿ ಮುಂದೆ ನಿಲ್ಲೋದು ಕಷ್ಟ. "ಮನೆ ಕೊಡುವಾಗ ಹಾಕುವ ಊಟ, ಕುಟುಂಬ, ಉದ್ಯೋಗದ ಷರತ್ತುಗಳು" ಅಂತ ಒಂದು ಸಾಲು ಬರೀರಿ.

ಸೈಟು ನಡೆಸಿದವ, ಹುಬ್ಬಳ್ಳಿ

ನಾನಾಗಿದ್ರ ಅಂಜತಿದ್ದೆ, ಸುಳ್ಳು ಹೇಳೋದಿಲ್ಲ. ಜಾಹೀರಾತು ಹಾಕೋ ಬ್ರೋಕರ್‌ಗಳ ನನ್ನ ಅನ್ನ. ಸೈಟಿನ ಹೆಸರು ಹಾಕೋದಿಲ್ಲ ಅಂತ ಬರದು ಕೊಟ್ರ ವಿಚಾರ ಮಾಡತಿದ್ದೆ.

ಧಾರವಾಡದ ಅಂಕಿಅಂಶ ಮೇಡಂ

ಹೆಸರು ಬಿಟ್ಟರೂ ಮೈಸೂರಿನಾಗ ಅಂಥ ಸೈಟು ಎಷ್ಟಿದ್ದಾವು? ಓದಿದವರು ಊಹಿಸ್ತಾರ. ಅದನ್ನೂ ಅವರಿಗೆ ಮೊದಲೇ ಹೇಳಬೇಕು.

ಒಂಟಿಕೊಪ್ಪಲ್ ಹುಡುಗಿ (ಒಂಬತ್ತು ದಿನದ ಮೇಲೆ)

ವಿಷಯ ಬಿಡಿಸಿ ಬರೆದೇ ಕಳಿಸಿದೆ. ನಿನ್ನೆ ಅವರೇ ಫೋನ್ ಮಾಡಿದರು! ಮೊದಲ ಪತ್ರ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿತ್ತಂತೆ. ಫೈಲ್ ಕೊಡ್ತಾರಂತೆ, ತೆಗೆದ ಜಾಹೀರಾತೂ ಎರಡು ವರ್ಷದ್ದು ಇದೆಯಂತೆ. ಆದರೆ ಒಂದು ಮಾತು: "ಅಚ್ಚಾಗೋ ಮೊದಲು ನನಗೆ ತೋರಿಸಿ, ನಾನು ಸರಿ ಅಂದ ಮೇಲೇ ಹಾಕಬೇಕು."

ಧಾರವಾಡದ ಅಂಕಿಅಂಶ ಮೇಡಂ

ತೋರಿಸ್ತೀನಿ ಅಂತ ಬರೆದು ಕೊಡ್ರಿ, ಹದಿನೈದು ದಿನ ಟೈಮ್ ಕೊಡ್ರಿ, ಅವರ ಸೈಟಿನ ಬಗ್ಗೆ ತಪ್ಪು ಸಂಗತಿ ಇದ್ದರೆ ತಿದ್ದತೀನಿ ಅನ್ರಿ. ಸರಿ ಅಂದ ಮೇಲೇ ಹಾಕಬೇಕು ಅನ್ನೋದಕ್ಕೆ ಮಾತ್ರ ಸಹಿ ಬ್ಯಾಡ. ಅದಕ್ಕೆ ಅವರು ಒಪ್ಪಲಿಲ್ಲ ಅಂದರೆ ನಿಮ್ಮ ಗೈಡ್ ಅವರನ್ನೇ ಮಾತಾಡಿಸ್ರಿ.

ಸೈಟು ನಡೆಸಿದವ, ಹುಬ್ಬಳ್ಳಿ

ನಾ ಆದ್ರ ಅದಕ್ಕ ಫೈಲ್ ಕೊಡತಿದ್ದಿಲ್ಲ, ಮೇಡಂ. ಅವರದೂ ಹೊಟ್ಟಿಪಾಡು.

ನಿವೃತ್ತ, ಕುವೆಂಪುನಗರ

ಮಹಡಿ ಇನ್ನೂ ಖಾಲಿನೇ ಇದೆಯಮ್ಮ. ಯಾರಾದರೂ ಇದ್ದರೆ ಹೇಳಿ, ವೆಜ್ ಫ್ಯಾಮಿಲಿ.