ಪದಚರ್ಚೆ: ಯಂತ್ರದ ನಕ್ಷೆಯಲ್ಲಿ ‘ಇಂಟರ್‌ಫಿಯರೆನ್ಸ್’ ಮತ್ತು ‘ಕ್ಲಿಯರೆನ್ಸ್’

ದಾವಣಗೆರೆಯಿಂದ, ನಕ್ಷೆ ಬರೆಯುವವರು:

ಮೆಕ್ಕೆಜೋಳ ಬಿಡಿಸುವ ಯಂತ್ರದ ನಕ್ಷೆಯನ್ನು ತಯಾರಿಕೆಗೆ ಬಿಡುವ ಮುನ್ನ ಸಹಿ ಹಾಕಬೇಕಾದ ತಪಾಸಣಾ ಹಾಳೆಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಫಿಟ್ಟರ್ ಮತ್ತು ವೆಲ್ಡರ್ ಕೂಡ ಓದುವ ಹಾಳೆ ಅದು. ನಕ್ಷೆಯಲ್ಲಿ ಒಂದು ಭಾಗ ಇನ್ನೊಂದರ ಜಾಗದೊಳಗೆ ನುಗ್ಗುವುದಕ್ಕೆ ‘ಇಂಟರ್‌ಫಿಯರೆನ್ಸ್’ ಎನ್ನುತ್ತೇವೆ; ನಿಘಂಟು ಅದಕ್ಕೆ ‘ಹಸ್ತಕ್ಷೇಪ’ ಎನ್ನುತ್ತದೆ. ಎರಡು ಕಬ್ಬಿಣದ ತುಂಡುಗಳಿಗೆ ಕೈ ಎಲ್ಲಿಂದ ಬರಬೇಕು? ‘ಕ್ಲಿಯರೆನ್ಸ್’ಗೂ ಒಂದು ಪದ ಬೇಕು.

ಸಂದರ್ಭ ಹೀಗಿದೆ. ಎಕ್ಸೆಂಟ್ರಿಕ್ ಒಂದು ಜರಡಿಯನ್ನು ಹಿಂದೆ ಮುಂದೆ ಆಡಿಸುತ್ತದೆ. ಆ ಎಕ್ಸೆಂಟ್ರಿಕ್ಕಿನ ಕೇಂದ್ರ ಅದು ತಿರುಗುವ ಶಾಫ್ಟಿನ ಕೇಂದ್ರದಿಂದ 12 ಮಿ.ಮೀ. ಸರಿದಿದೆ. ಜರಡಿ ನಡುವೆ ನಿಂತಾಗ ಅದರ ತುದಿಗೂ ಚೌಕಟ್ಟಿನ ಅಡ್ಡಪಟ್ಟಿಗೂ 18 ಮಿ.ಮೀ. ಜಾಗವಿದೆ. ನಕ್ಷೆ ಬರೆಯುವ ಸಾಫ್ಟ್‌ವೇರಿನ `Interference Detection` ಇಲ್ಲಿ ಏನನ್ನೂ ತೋರಿಸುವುದಿಲ್ಲ. ಬೋಲ್ಟುಗಳಿರುವ ಕಡೆ ಮಾತ್ರ ಅದು ಕೊಡುವ ದೋಷಗಳ ಪಟ್ಟಿ ಉದ್ದಕ್ಕೆ ಬೆಳೆಯುತ್ತದೆ.

ಬೆಂಗಳೂರಿನಿಂದ, ನಿವೃತ್ತ ಕಚೇರಿ ಅಧಿಕಾರಿ:

ಆಡಳಿತ ಕನ್ನಡದಲ್ಲಿ ಇದು ಎಂದೋ ಬಗೆಹರಿದ ವಿಷಯ. ಕ್ಲಿಯರೆನ್ಸ್ ಎಂದರೆ ‘ಅನುಮೋದನೆ’; ಬ್ಯಾಂಕಿನವರು ‘ತೀರುವಳಿ’ ಎನ್ನುತ್ತಾರೆ. ನಕ್ಷೆಗೆ ಸಹಿ ಬೀಳುವ ವಿಚಾರವಾದ್ದರಿಂದ ‘ಅನುಮೋದನೆ’ಯೇ ಸರಿ.

ಚಿತ್ರದುರ್ಗದಿಂದ, ಡಿಪ್ಲೊಮಾ ತರಗತಿಗಳ ಬೋಧಕರು:

ಹಿರಿಯರ ಕ್ಷಮೆ ಇರಲಿ, ಇಲ್ಲಿ ಕೇಳಿರುವುದು ಸಹಿಯ ವಿಚಾರವಲ್ಲ, ಜಾಗದ ವಿಚಾರ. ಇಂಟರ್‌ಫಿಯರೆನ್ಸಿಗೆ ‘ಒತ್ತುವರಿ’ ಎನ್ನೋಣ. ಒಬ್ಬರ ಹೊಲ ಇನ್ನೊಬ್ಬರ ಸರ್ವೆ ನಂಬರಿನೊಳಗೆ ನುಗ್ಗಿದರೆ ಏನೆನ್ನುತ್ತೇವೋ ಅದೇ. ಬೋಲ್ಟಿನ ಪಟ್ಟಿಗೆ ಹೆದರಬೇಡಿ. ಎಂ10 ಬೋಲ್ಟಿನ ಮೈಯನ್ನು 10 ಮಿ.ಮೀ. ಎಂದೂ, ಟ್ಯಾಪ್ ಮಾಡುವ ರಂಧ್ರವನ್ನು 8.5 ಎಂದೂ ಬರೆದಿರುತ್ತೇವೆ. ಬೋಲ್ಟಿನ ಥ್ರೆಡ್ ಕೂರುವ ಜಾಗವನ್ನೇ ಸಾಫ್ಟ್‌ವೇರ್ ಒತ್ತುವರಿ ಎಂದು ಎಣಿಸುತ್ತದೆ. ಬೋಲ್ಟುಗಳನ್ನೆಲ್ಲ ತಪಾಸಣೆಯಿಂದ ಹೊರಗಿಟ್ಟುಬಿಡಿ, ಪಟ್ಟಿ ಖಾಲಿಯಾಗುತ್ತದೆ.

ಹರಿಹರದಿಂದ, ಟೂಲ್‌ರೂಮಿನಲ್ಲಿ ದುಡಿದವರು:

ಪಟ್ಟಿ ಖಾಲಿಯಾಗುತ್ತದೆ ನಿಜ, ಅದರೊಂದಿಗೆ ನಿಜವಾದ ದೋಷವೂ ಮಾಯವಾಗುತ್ತದೆ. ಜರಡಿಯ ತುದಿಯಲ್ಲಿ ಬೋಲ್ಟ್ ಇದೆಯೇ ಎಂದು ಮೊದಲು ನೋಡಿ. ಎಂ10 ಷಡ್ಭುಜ ತಲೆಯ ದಪ್ಪ 6.4 ಮಿ.ಮೀ. ಜರಡಿ ಪೂರ್ತಿ ಮುಂದೆ ಹೋದಾಗ ನಿಮ್ಮ 18ರಲ್ಲಿ 12 ಹೋಗಿ 6 ಉಳಿಯುತ್ತದೆ. ಅಂದರೆ ತಲೆ ಪ್ರತಿ ಸುತ್ತಿಗೂ ಅಡ್ಡಪಟ್ಟಿಗೆ ಬಡಿಯುತ್ತದೆ. ನಟ್ ಆ ಕಡೆಗಿದ್ದರೆ ಇನ್ನೂ ಕಷ್ಟ: ನಟ್ಟಿನ ದಪ್ಪ 8.4, ಕೆಳಗೆ ವಾಷರ್ ಬೇರೆ, ಅದನ್ನೂ ದಾಟಿ ಹೊರಬರುವ ಬೋಲ್ಟಿನ ಮೂತಿ ಬೇರೆ.

ಜರಡಿ ನಡುವೆ ನಿಂತಿರುವಾಗ ತಪಾಸಣೆ ಮಾಡಿದರೆ ಇದು ಸಿಕ್ಕುವುದೇ ಇಲ್ಲ, ಏಕೆಂದರೆ ಆ ಸ್ಥಿತಿಯಲ್ಲಿ ಯಾವುದೂ ಯಾವುದಕ್ಕೂ ತಾಗಿಲ್ಲ. ಎಕ್ಸೆಂಟ್ರಿಕ್ಕನ್ನು ಎರಡೂ ಕೊನೆಗಳಿಗೆ ತಿರುಗಿಸಿ, ಅಲ್ಲಿ ನಿಲ್ಲಿಸಿ, ಬೋಲ್ಟುಗಳನ್ನು ಒಳಗಿಟ್ಟುಕೊಂಡೇ ಮತ್ತೆ ನೋಡಬೇಕು. ಥ್ರೆಡ್ಡಿನ ಒತ್ತುವರಿಯನ್ನು ಒಂದೊಂದಾಗಿ ಗುರುತಿಸಿ ಬದಿಗಿಡಿ, ಬೋಲ್ಟನ್ನೇ ಬದಿಗಿಡಬೇಡಿ.

ತಾಗದಿದ್ದರೆ ಸಾಲದು, ಎಷ್ಟು ದೂರ ಉಳಿಯಿತು ಎಂಬುದೂ ಮುಖ್ಯ. ವೆಲ್ಡ್ ಮಾಡಿದ ಚೌಕಟ್ಟು ಶಾಖಕ್ಕೆ ಎರಡು ಮೂರು ಮಿ.ಮೀ. ಎಳೆದುಕೊಳ್ಳುವುದು ಮಾಮೂಲು. ಜರಡಿಯ ಬುಷ್ ಸವೆದಂತೆ ಆಟವೂ ಹೆಚ್ಚುತ್ತದೆ. ಅಡ್ಡಪಟ್ಟಿಯನ್ನು 12 ಮಿ.ಮೀ. ಹಿಂದೆ ಸರಿಸಿ 30 ಮಾಡಿ. ತಲೆ ಆ ಕಡೆಗಿರುವಂತೆ ಹಾಕಿದರೆ ಕೊನೆಯಲ್ಲಿ 11.6 ಉಳಿಯುತ್ತದೆ. ಹಾಗೆ ಉಳಿಯುವುದಕ್ಕೆ ನಾವು ‘ತೆರಪು’ ಎನ್ನಬಹುದು. ‘ಸಡಿಲ’ ಬೇಡ, ಫಿಟ್ಟರ್ ಅದನ್ನು ಓದಿ ಸ್ಪ್ಯಾನರ್ ಹಿಡಿದು ಬಂದಾನು.

ಚಳ್ಳಕೆರೆಯಿಂದ:

ನಮ್ಮ ಶೇಂಗಾ ಸುಲಿಯುವ ಯಂತ್ರದಲ್ಲೂ ಡ್ರಮ್ಮಿಗೂ ಕೆಳಗಿನ ಜಾಲರಿಗೂ ನಡುವೆ ತೆರಪು ಇದೆ. ಅದು ಕಿರಿದಾದರೆ ಬೀಜ ಒಡೆಯುತ್ತದೆ, ಹಿರಿದಾದರೆ ಕಾಯಿ ಹಾಗೆಯೇ ಇಳಿಯುತ್ತದೆ. ಆದ್ದರಿಂದ 11.6 ಮಿ.ಮೀ. ಎಂದು ಒಂದೇ ಅಳತೆ ಹೇಳುವುದು ನನಗೆ ಒಪ್ಪಿಗೆಯಿಲ್ಲ.

ಹರಿಹರದಿಂದ:

ನಿಮ್ಮದು ಕೆಲಸ ಮಾಡುವ ತೆರಪು, ಕಾಳಿನ ಗಾತ್ರ ನೋಡಿ ಹೊಂದಿಸುವಂಥದ್ದು. ಜರಡಿಯದು ಬಡಿಯದಂತೆ ಕಾಯುವ ತೆರಪು. ಅಲ್ಲಿ ಕನಿಷ್ಠ ಎಷ್ಟು ಎಂದಷ್ಟೇ ಬರೆಯುತ್ತೇವೆ.

ದಾವಣಗೆರೆಯಿಂದ:

ಬೋಲ್ಟ್ ಇದೆ, ತಲೆ ಅಡ್ಡಪಟ್ಟಿಯ ಕಡೆಗೇ ಇದೆ. ಅಡ್ಡಪಟ್ಟಿಯನ್ನು ಸರಿಸುತ್ತಿದ್ದೇನೆ. ಹಾಳೆಯ ಸಾಲು ಸದ್ಯಕ್ಕೆ ಹೀಗಿದೆ: ‘ಚಲಿಸುವ ಭಾಗವನ್ನು ಎರಡೂ ಕೊನೆಗಳಲ್ಲಿ ನಿಲ್ಲಿಸಿ, ಬೋಲ್ಟ್ ಮತ್ತು ನಟ್ ಸಮೇತ ಒತ್ತುವರಿ ನೋಡಿದೆ, ಕನಿಷ್ಠ ತೆರಪು … ಮಿ.ಮೀ.’

ಒಂದು ಪ್ರಶ್ನೆ ಉಳಿಯಿತು. ಬೇರಿಂಗನ್ನು ಶಾಫ್ಟಿನ ಮೇಲೆ ಒತ್ತಿ ಕೂರಿಸುವಾಗ ಶಾಫ್ಟನ್ನು ಬೇಕೆಂದೇ ಬೇರಿಂಗಿನ ರಂಧ್ರಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪ ಇಡುತ್ತೇವೆ. ಅದೂ ಇಂಟರ್‌ಫಿಯರೆನ್ಸೇ, ಆದರೆ ದೋಷವಲ್ಲ. ಅದನ್ನೂ ‘ಒತ್ತುವರಿ’ ಎಂದರೆ ವೆಲ್ಡರ್ ಒಪ್ಪುವುದಿಲ್ಲ. ‘ಬಿಗಿ ಕೂಡಿಕೆ’ ನಡೆಯುತ್ತದೆಯೇ?

ಚಿತ್ರದುರ್ಗದಿಂದ:

ನಡೆಯುತ್ತದೆ. ಆದರೂ ನನ್ನ ವಿದ್ಯಾರ್ಥಿಗಳು ‘ಟೈಟ್ ಫಿಟ್’ ಎಂದೇ ಬರೆಯುತ್ತಾರೆ, ನಾನೂ ತಿದ್ದುವುದಿಲ್ಲ.