ಬಿಸಿ ಪಂದಿ ಕರಿಗೆ ಕ್ಲಿಂಗ್ ಫಿಲ್ಮ್, ಓವನ್‌ಗೆ ಬಟರ್ ಪೇಪರ್: ಏನು ಆಗುತ್ತೆ, ಏನು ಆಗಲ್ಲ?

ಕೇಳಿದವರು, ಮಡಿಕೇರಿ ಹತ್ತಿರದ ಹೋಂಸ್ಟೇ:
ಗೆಸ್ಟ್‌ಗಳಿಗೆ ಪಂದಿ ಕರಿ ಕಟ್ಟಿಕೊಡುವಾಗ ಬಿಸಿ ಇರುವಾಗಲೇ ಡಬ್ಬಿ ಮೇಲೆ ಕ್ಲಿಂಗ್ ಫಿಲ್ಮ್ ಎಳೀತೀವಿ. ಕೇಕ್ ಟಿನ್‌ಗೆ ಅಂಗಡಿಯ ಬಟರ್ ಪೇಪರ್ ಹಾಕ್ತೀವಿ. ಬೇಕಿಂಗ್ ಪಾರ್ಚ್‌ಮೆಂಟ್ ಅಂತ ಸಿಗೋದರ ಬೆಲೆ ಜಾಸ್ತಿ. ಇವುಗಳಲ್ಲಿ ಬಿಸಿ ಊಟಕ್ಕೆ ತಾಗಬಹುದಾದ್ದು ಯಾವುದು, ಓವನ್‌ಗೆ ಹೋಗಬಹುದಾದ್ದು ಯಾವುದು? ಮಾಡಿ ಗೊತ್ತಿರುವವರು ಹೇಳಿ.

ಸೋಮವಾರಪೇಟೆಯಿಂದ:
ಕ್ಲಿಂಗ್ ಫಿಲ್ಮ್‌ಗೆ ಅಷ್ಟು ಹೆದರಬೇಕಾಗಿಲ್ಲ ಅಕ್ಕ. ನಮ್ಮ ರೋಲ್ ಮೇಲೆ ಮೈಕ್ರೋವೇವ್ ಸೇಫ್ ಅಂತಲೇ ಇದೆ. ಅದು ಕರಗೋದು ನೂರು ಡಿಗ್ರಿ ದಾಟಿದ ಮೇಲೆ. ಮಡಿಕೇರಿ ಎತ್ತರಕ್ಕೆ ನೀರು 96ರ ಹತ್ತಿರವೇ ಕುದಿಯುತ್ತೆ, ಇನ್ನೆಲ್ಲಿ ಕರಗುತ್ತೆ? ಬಟರ್ ಪೇಪರ್, ಪಾರ್ಚ್‌ಮೆಂಟ್ ಎರಡೂ ಒಂದೇ, ಹೆಸರು ಮಾತ್ರ ಬೇರೆ.

ಗೋಣಿಕೊಪ್ಪದಿಂದ, ಬೇಕರಿ ಕೆಲಸದವರು:
ನೀರಿನ ಲೆಕ್ಕ ಸರಿ ಅಣ್ಣ, ಆದರೆ ಪಂದಿ ಕರಿ ಮೇಲೆ ತೇಲೋದು ನೀರಲ್ಲ, ಕೊಬ್ಬು. ಮೈಕ್ರೋವೇವ್‌ನಲ್ಲಿ ಕೊಬ್ಬು ನೂರು ದಾಟಿ ಆರಾಮಾಗಿ ಹೋಗುತ್ತೆ. ಅದಕ್ಕೆ ತಾಗಿದ ಫಿಲ್ಮ್ ಸುರುಟಿ ತೂತಾಗುತ್ತೆ. ಅಷ್ಟು ಬಿಸಿ ಇಲ್ಲದೆ ಡಬ್ಬಿಯಲ್ಲಿ ಸುಮ್ಮನೆ ಕೂತಿದ್ದರೂ ಇನ್ನೊಂದು ತೊಂದರೆ ಇದೆ. ಚೆನ್ನಾಗಿ ಅಂಟಿಕೊಳ್ಳುವ ಫಿಲ್ಮ್ ಎಷ್ಟೋ ಸಲ ಪಿವಿಸಿಯದು. ಅದನ್ನು ಮೆತ್ತಗಾಗಿಸೋಕೆ ಸೇರಿಸಿರುವ ರಾಸಾಯನಿಕ ಕೊಬ್ಬಿಗೆ ಇಳಿಯುತ್ತೆ, ಬಿಸಿ ಇದ್ದರೆ ಬೇಗ. ಪಾಲಿಥಿನ್ ಫಿಲ್ಮ್‌ನಲ್ಲಿ ಈ ಕಾಟ ಕಡಿಮೆ, ಆದರೆ ಅಷ್ಟು ಅಂಟಲ್ಲ. ಪೆಟ್ಟಿಗೆ ಮೇಲೆ ತ್ರಿಕೋನದೊಳಗೆ 3 ಇದ್ದರೆ ಪಿವಿಸಿ, 4 ಇದ್ದರೆ ಪಾಲಿಥಿನ್.

ಮೈಕ್ರೋವೇವ್ ಸೇಫ್ ಅಂದರೆ ಪಾತ್ರೆಯ ಬಾಯಿಗೆ ಸಡಿಲವಾಗಿ ಹೊದಿಸಿ, ಒಂದು ಮೂಲೆ ತೆರೆದಿಟ್ಟು, ಊಟಕ್ಕೆ ತಾಗದ ಹಾಗೆ ಬಳಸಬಹುದು ಅಂತ ಅರ್ಥ. ಓವನ್‌ಗೆ ಯಾವ ಕ್ಲಿಂಗ್ ಫಿಲ್ಮೂ ಬೇಡ. ನಿಮ್ಮ ಪಾರ್ಸಲ್‌ಗೆ ಸ್ಟೀಲ್ ಡಬ್ಬಿ, ಅದರದೇ ಮುಚ್ಚಳ ಸಾಕು. ಸೋರುತ್ತೆ ಅನ್ನೋ ಭಯ ಇದ್ದರೆ ಮುಚ್ಚಳದ ಹೊರಗಡೆ ಸುತ್ತಿ, ಅದೂ ಡಬ್ಬಿ ಆರಿದ ಮೇಲೆ.

ಸಿದ್ದಾಪುರದಿಂದ:
ಇದನ್ನೆಲ್ಲ ಬಿಟ್ಟು ಫಾಯಿಲ್ ಹಾಕಿ. ನಾವು ತೋಟಕ್ಕೆ ಅಕ್ಕಿ ರೊಟ್ಟಿ ಫಾಯಿಲ್‌ನಲ್ಲೇ ಕಟ್ಟೋದು. ಮೊದಲೆಲ್ಲ ಪೇಪರ್‌ನಲ್ಲಿ ಕಟ್ಟುತ್ತಿದ್ದೆವು, ಬಿಸಿ ರೊಟ್ಟಿಗೆ ಅಕ್ಷರ ಹತ್ತಿಕೊಳ್ತಿತ್ತು ಅಂತ ಬಿಟ್ಟೆವು.

ಗೋಣಿಕೊಪ್ಪದಿಂದ:
ರೊಟ್ಟಿಗೆ ಫಾಯಿಲ್ ಸರಿ. ಪಂದಿ ಕರಿಗೆ ಬೇಡ, ಕಾಚಂಪುಳಿಯ ಹುಳಿ ಅಲ್ಯೂಮಿನಿಯಂ ತಿನ್ನುತ್ತೆ.

ಈಗ ಬಟರ್ ಪೇಪರ್. ಪಾರ್ಚ್‌ಮೆಂಟ್‌ಗೆ ಸಿಲಿಕೋನ್ ಲೇಪ ಇರುತ್ತೆ, ಅದಕ್ಕೇ ಬೆಲೆ ಜಾಸ್ತಿ. ಎಣ್ಣೆ ಸವರದೆಯೇ ಬಿಸ್ಕತ್ತು ಎದ್ದು ಬರುತ್ತೆ. ಸಾಮಾನ್ಯವಾಗಿ 220 ಡಿಗ್ರಿವರೆಗೆ ತಡೆಯುತ್ತೆ, ಆದರೂ ಪೆಟ್ಟಿಗೆ ಮೇಲಿನ ಸಂಖ್ಯೆಯನ್ನೇ ನಂಬಿ. ನಮ್ಮ ಕಡೆ ಬಟರ್ ಪೇಪರ್ ಅಂತ ಕೊಡೋದು ಎರಡು ತರಹ: ಲೇಪವೇ ಇಲ್ಲದ, ಜಿಡ್ಡು ಹೀರದ ತೆಳು ಕಾಗದ ಒಂದು, ಮೇಣ ಹಚ್ಚಿದ್ದು ಇನ್ನೊಂದು. ಅಂಗಡಿಯವರಿಗೂ ಎಷ್ಟೋ ಸಲ ಗೊತ್ತಿರಲ್ಲ.

ಉಗುರಿನಿಂದ ಗೀಚಿ ನೋಡಿ. ಬಿಳಿ ಪುಡಿ ಎದ್ದರೆ ಮೇಣ. ಅನುಮಾನ ಉಳಿದರೆ ಎರಡು ಬಿಳಿ ಕಾಗದದ ನಡುವೆ ಒಂದು ತುಂಡು ಇಟ್ಟು ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿ, ಮೇಣ ಇದ್ದರೆ ಕಲೆ ಬೀಳುತ್ತೆ. ಮೇಣದ್ದನ್ನು ಓವನ್‌ಗೂ ಬಿಸಿ ಕಡಂಬಟ್ಟಿಗೂ ಹತ್ತಿರ ತರಬೇಡಿ, 60 ಡಿಗ್ರಿ ಆಸುಪಾಸಿಗೆ ಕರಗಿ ಊಟಕ್ಕೆ ಹತ್ತುತ್ತೆ. ತಣ್ಣಗಿನ ಸ್ಯಾಂಡ್‌ವಿಚ್ ಸುತ್ತಲಿಕ್ಕೆ ಮಾತ್ರ ಇಟ್ಟುಕೊಳ್ಳಿ.

ಮೇಣ ಇಲ್ಲದ್ದಾದರೆ ಕೇಕ್ ಟಿನ್‌ಗೆ ಆಗುತ್ತೆ. ತಳದ ಅಳತೆಗೆ ದುಂಡಗೆ ಕತ್ತರಿಸಿ, ಟಿನ್‌ಗೂ ಕಾಗದದ ಮೇಲೂ ಬೆಣ್ಣೆ ಸವರಿ, ಹಿಟ್ಟು ಸುರಿದು 180ರಲ್ಲಿ ಬೇಯಿಸಿ. ಹಸಿ ಹಿಟ್ಟು ಮೇಲಿರೋವರೆಗೆ ಕಾಗದ ಅಷ್ಟು ಕಾಯಲ್ಲ. ಟಿನ್‌ನಿಂದ ಹೊರಗೆ ಚಾಚಿದ ಅಂಚೇ ಮೊದಲು ಕಂದಾಗಿ ಪುಡಿಯಾಗೋದು. ಓಟಿಜಿ ಆದರೆ ಆ ಅಂಚು ಕಾಯಿಲ್‌ಗೆ ತಾಗಿ ಹೊತ್ತಿಕೊಳ್ಳಬಹುದು. ಹಾಗಾಗಿ ಪಾರ್ಚ್‌ಮೆಂಟ್ ಆದರೂ ಅಂಚು ಕತ್ತರಿಸಿ, ಗ್ರಿಲ್ ಹಾಕುವಾಗ ತೆಗೆದುಬಿಡಿ.

ಕೇಳಿದವರು:
ಈಗಷ್ಟೇ ಗೀಚಿ ನೋಡಿದೆ, ಪುಡಿ ಬಂತು! ಕೇಕ್ ತಳದಲ್ಲಿ ಹೊಳಪು ಬರ್ತಿತ್ತಲ್ಲ, ಬೆಣ್ಣೆ ಅಂದುಕೊಂಡಿದ್ದೆ. ಇನ್ನೊಂದು: ಪಾಪುಟ್ಟು ಬೇಯುವಾಗ ಮೇಲಿಂದ ನೀರು ತೊಟ್ಟಿಕ್ಕದ ಹಾಗೆ ತಟ್ಟೆಗೆ ಫಿಲ್ಮ್ ಹಾಕಬಹುದಾ?

ಸೋಮವಾರಪೇಟೆಯಿಂದ:
ಅಲ್ಲಿ ಬರೀ ಹಬೆ ತಾನೆ, ಪುಟ್ಟಿಗೆ ತಾಗದಿದ್ದರೆ ಏನಾಗುತ್ತೆ? ನಾವು ಹಾಕ್ತೀವಿ.

ಗೋಣಿಕೊಪ್ಪದಿಂದ:
ಪಾಪುಟ್ಟಿಗೆ ತೆಂಗಿನಕಾಯಿ, ಹಾಲು ಬೀಳುತ್ತಲ್ಲ, ಅದೂ ಜಿಡ್ಡೇ. ಬೆಂದು ಉಬ್ಬಿದಾಗ ತಾಗದೆ ಇರುತ್ತೆ ಅಂತ ನಾನಂತೂ ಹೇಳಲಾರೆ. ನಮ್ಮನೇಲಿ ಮುಚ್ಚಳದ ಒಳಗೆ ತೆಳು ಬಟ್ಟೆ ಕಟ್ಟೋದು.

ವಿರಾಜಪೇಟೆಯಿಂದ:
ಬಾಳೆ ಎಲೆ ಬಾಡಿಸಿ ಮುಚ್ಚಿ, ಕೂವಲೆ ಪುಟ್ಟಿಗೆ ಎಲೆ ಸಾಕಾಗಲ್ವಾ? ಅಂದ ಹಾಗೆ ಆ ಪಾರ್ಚ್‌ಮೆಂಟ್‌ನ ಒಂದೇ ಹಾಳೆ ಎಷ್ಟು ಸಲ ಬಳಸಬಹುದು?